ಆಂಕಿಯಲ್ಲಿ ಕಷ್ಟದ ಕಾರ್ಡು ಬೇಗ ಬರಬೇಕು ಸರಿ, ಆದರೆ ಬಂದದ್ದೇ ಬರುತ್ತಿವೆಯಲ್ಲ?

ಬಯಲುಸೀಮೆ_ಓದುಗ
ಕೆಎಎಸ್‌ಗೆ ಓದುತ್ತಿದ್ದೇನೆ. ಕರ್ನಾಟಕದ ಇತಿಹಾಸಕ್ಕೆ ಕನ್ನಡದಲ್ಲೇ ಕಾರ್ಡು ಮಾಡಿಕೊಂಡು ಮೊಬೈಲಿನಲ್ಲಿ ಆಂಕಿಡ್ರಾಯ್ಡ್ ಬಳಸುತ್ತೇನೆ, ಅಂದರೆ ಕಾರ್ಡುಗಳನ್ನು ಅಂತರ ಬಿಟ್ಟು ಮತ್ತೆ ಮತ್ತೆ ಕೇಳುವ ಆಂಕಿ ಆ್ಯಪು. ಉತ್ತರ ನೋಡಿದ ಮೇಲೆ ಅಗೇನ್, ಹಾರ್ಡ್, ಗುಡ್, ಈಸಿ ಅಂತ ನಾಲ್ಕರಲ್ಲಿ ಒಂದು ಬಟನ್ ಒತ್ತಬೇಕು. ಮೊದಮೊದಲು ಚೆನ್ನಾಗಿತ್ತು. ಈಗ ದಿನಾ ಬೆಳಗ್ಗೆ ತೆರೆದರೆ ಸರಿಯಾಗಿ 200 ಕಾರ್ಡು ತೋರಿಸುತ್ತದೆ, ಒಂದು ಹೆಚ್ಚಿಲ್ಲ ಒಂದು ಕಡಿಮೆ ಇಲ್ಲ. ಹೊಸ ಕಾರ್ಡು ಬರುವುದೇ ನಿಂತುಹೋಗಿದೆ.

ಅದಕ್ಕಿಂತ ತಲೆ ಕೆಡಿಸುವುದು ಇನ್ನೊಂದು. ಹಲ್ಮಿಡಿ ಯಾವ ತಾಲೂಕು ಅಂತ ಒಂದು ಕಾರ್ಡಿದೆ. ಬೇಲೂರು ಅಂತ ನಿದ್ದೆಗಣ್ಣಲ್ಲಿ ಕೇಳಿದರೂ ಹೇಳುತ್ತೇನೆ, ಆದರೂ ಮೂರು ನಾಲ್ಕು ದಿನಕ್ಕೊಮ್ಮೆ ಬಂದು ನಿಲ್ಲುತ್ತದೆ. ಕಲ್ಯಾಣ ಚಾಲುಕ್ಯರ ಸೋಮೇಶ್ವರರ ಕಾರ್ಡು ಒಂದು ಸಲವೂ ಸರಿಯಾಗಿ ಬಂದಿಲ್ಲ, ಅದು ಮಾತ್ರ ಎರಡು ವಾರಕ್ಕೊಮ್ಮೆ ಮುಖ ತೋರಿಸುತ್ತದೆ. ಕಷ್ಟದ್ದು ಬೇಗ, ಸುಲಭದ್ದು ತಡವಾಗಿ ಅನ್ನುವುದೇ ಇದರ ಕೆಲಸ ಅಲ್ವಾ? ಇಲ್ಲಿ ಪೂರಾ ಉಲ್ಟಾ ಆಗಿದೆ. ಸೆಟ್ಟಿಂಗ್ಸ್ ಯಾವುದನ್ನೂ ಮುಟ್ಟಿಲ್ಲ.

ಇಟ್ಟಿಗೆಗೂಡು
ಹಲ್ಮಿಡಿಗೆ ನಿಮ್ಮ ಮೇಲೆ ಪ್ರೀತಿ ಜಾಸ್ತಿ.

ಎರಡನೇ_ಪ್ರಯತ್ನ
ಗುರು, ಇದರ ಸಹವಾಸವೇ ಬೇಡ ಅಂತ ನಾನು ಬಿಟ್ಟೆ. ಪ್ರಿಲಿಮ್ಸ್‌ಗೆ ಮೂರು ತಿಂಗಳಿದ್ದರೆ ನಾಲ್ಕು ತಿಂಗಳ ಆಚೆ ಬರುವ ಕಾರ್ಡಿನಿಂದ ಏನು ಪ್ರಯೋಜನ? ಹಾರ್ಡ್ ಒತ್ತು, ಬೇಗ ಬರುತ್ತದೆ. ಈಸಿ ಒತ್ತು, ತಡವಾಗಿ ಬರುತ್ತದೆ. ಅಷ್ಟೇ ಇರುವುದು. ನೀವು ಸುಲಭದ್ದಕ್ಕೂ ಹಾರ್ಡ್ ಒತ್ತಿರಬೇಕು.

ಶಾಲ್ಮಲಾ
ನಮ್ಮ ಮಗಳಿಗೆ ಮಗ್ಗಿ ಕಲಿಸುವುದಕ್ಕೆ ಕಾರ್ಡು ಮಾಡಿದ್ದೇನೆ, ರಟ್ಟು ಕತ್ತರಿಸಿ. ಮೊಬೈಲು ಮುಟ್ಟಿಸಿಲ್ಲ. ಖಾಲಿ ಸ್ವೀಟ್ ಬಾಕ್ಸಿನಲ್ಲಿ ನಾಲ್ಕು ಖಾನೆ. ಸರಿ ಹೇಳಿದರೆ ಕಾರ್ಡು ಮುಂದಿನ ಖಾನೆಗೆ, ತಪ್ಪಿದರೆ ಮತ್ತೆ ಮೊದಲನೇ ಖಾನೆಗೆ. ಮೊದಲನೆಯದು ದಿನಾ, ಕೊನೆಯದು ಹದಿನೈದು ದಿನಕ್ಕೊಮ್ಮೆ. ಏಳೆಂಟ್ಲಿ, ಆರೊಂಬತ್ಲಿ ಬಿಟ್ಟರೆ ಎಲ್ಲಾ ಕೊನೆ ಖಾನೆಗೆ ಹೋಗಿವೆ. ಕಾರ್ಡಿಗೆ ಯಾವ ರಟ್ಟು ಒಳ್ಳೆಯದು ಅಂತ ಕೇಳುತ್ತಿದ್ದರೆ, ಮದುವೆ ಕಾರ್ಡಿನ ಹಿಂಬದಿ ಬಳಸಿ.

ಸುಮ್ನೆಕೇಳ್ದೆ
ಮೇಡಂ ಅವರು ಕೇಳಿದ್ದು ಆ್ಯಪಿನ ವಿಷಯ 😀 ಆದರೆ ಮದುವೆ ಕಾರ್ಡಿನ ಐಡಿಯಾ ಚೆನ್ನಾಗಿದೆ.

ಕಾರ್ಡ್‌ಪೆಟ್ಟಿಗೆ
ಓದುಗರೇ, ಮೊದಲು ಆ 200ರ ವಿಷಯ. ಅದು ನಿಮ್ಮ ಬಾಕಿಯ ಲೆಕ್ಕ ಅಲ್ಲ. ದಿನಕ್ಕೆ ಇಷ್ಟಕ್ಕಿಂತ ಹೆಚ್ಚು ತೋರಿಸಬೇಡ ಅಂತ ಆಂಕಿಯಲ್ಲಿ ಮೊದಲೇ ಇರುವ ಮಿತಿ. ಸರಿಯಾಗಿ 200 ಬರುತ್ತಿದೆ ಅಂದರೆ ಅದರ ಹಿಂದೆ ಇನ್ನೆಷ್ಟೋ ಕಾರ್ಡು ಸಾಲು ನಿಂತಿವೆ. ಹೊಸ ಕಾರ್ಡು ನಿಂತದ್ದೂ ಇದರಿಂದಲೇ. ಈಗಿನ ಆವೃತ್ತಿಗಳಲ್ಲಿ ಹಳೆಯವುಗಳ ಮಿತಿ ತುಂಬಿದರೆ ಹೊಸತಕ್ಕೆ ಜಾಗ ಸಿಗುವುದಿಲ್ಲ.

ಇನ್ನು ಉಲ್ಟಾ ಆದ ವಿಷಯ. ಎರಡನೇ_ಪ್ರಯತ್ನ ಅವರು ಹೇಳಿದ್ದು ಅರ್ಧ ಸರಿ. ಹಾರ್ಡ್ ಒತ್ತಿದರೆ ಕಾರ್ಡು ಗುಡ್ ಒತ್ತಿದ್ದಕ್ಕಿಂತ ಬೇಗ ಬರುತ್ತದೆ, ನಿಜ. ಆದರೆ ಹಿಂದಿನ ಸಲಕ್ಕಿಂತ ಬೇಗ ಬರುವುದಿಲ್ಲ. 10 ದಿನದ ಕಾರ್ಡಿಗೆ ಹಾರ್ಡ್ ಒತ್ತಿದರೆ 1.2 ಪಟ್ಟು, ಅಂದರೆ 12 ದಿನ. ಆಂಕಿಯ ಲೆಕ್ಕದಲ್ಲಿ ಹಾರ್ಡ್ ಅಂದರೆ ಪಾಸ್, ಕಷ್ಟಪಟ್ಟಾದರೂ ನೆನಪಾಯಿತು ಅಂತ. ಫೇಲ್ ಆಗುವುದು ಅಗೇನ್ ಒತ್ತಿದಾಗ ಮಾತ್ರ.

ಒಂದು ಕೆಲಸ ಮಾಡಿ. ಆ ಎರಡು ಕಾರ್ಡುಗಳ ಮಾಹಿತಿ ತೆರೆದರೆ ಇಲ್ಲಿಯವರೆಗೆ ಯಾವ ದಿನ ಯಾವ ಬಟನ್ ಒತ್ತಿದ್ದೀರಿ ಅಂತ ಪೂರ್ತಿ ಸಾಲು ಸಾಲಾಗಿ ಇರುತ್ತದೆ. ಅದನ್ನು ಇಲ್ಲಿ ಹಾಕಿ. ಈಸ್ ಅಂತ ಒಂದು ಶೇಕಡಾ ಸಂಖ್ಯೆ ಇರುತ್ತದೆ, ಅದೂ ಬೇಕು.

ಬಯಲುಸೀಮೆ_ಓದುಗ
ನೋಡಿದೆ ಸರ್. ಹಲ್ಮಿಡಿ: ಮೊದಲು ಸಾಲಾಗಿ ಹಾರ್ಡ್, ಆಮೇಲೆ ಒಂದು ಅಗೇನ್, ಆಮೇಲೆ ಮೂರು ಗುಡ್. ಈಸ್ 130%. ಈಗ ಅಂತರ 4 ದಿನ.

ಸೋಮೇಶ್ವರ: 10 ದಿನ ಇದ್ದದ್ದು ಹಾರ್ಡ್, 12. ಹಾರ್ಡ್, 14. ಹಾರ್ಡ್, 17. ಈಸ್ 205%.

ಅಗೇನ್ ಒತ್ತಿದರೆ ಕಾರ್ಡು ಪುನಃ ಒಂದು ದಿನಕ್ಕೆ ಬೀಳುತ್ತದೆ, ಅಷ್ಟು ದಿನದ್ದು ದಂಡ ಅಲ್ವಾ. ಅದಕ್ಕೇ ಸೋಮೇಶ್ವರನಿಗೆ ಹಾರ್ಡ್ ಒತ್ತುತ್ತಿದ್ದದ್ದು. ಮೂವರಲ್ಲಿ ಒಬ್ಬನಾದರೂ ನೆನಪಾಗುತ್ತಿದ್ದ.

ಇಟ್ಟಿಗೆಗೂಡು
ಮೂರರಲ್ಲಿ ಒಂದು ಅಂದರೆ ಎಸ್‌ಎಸ್‌ಎಲ್‌ಸಿಯಲ್ಲೂ ಹಿಂದೆ ಪಾಸಿಗೆ ಸಾಲುತ್ತಿರಲಿಲ್ಲ.

ಕಾರ್ಡ್‌ಪೆಟ್ಟಿಗೆ
ಸಿಕ್ಕಿತು. ಎರಡೂ ಒಂದೇ ಬಟನ್ನಿನ ಕೆಲಸ.

ಸೋಮೇಶ್ವರ ನಿಮಗೆ ಬರುವುದಿಲ್ಲ, ಆದರೆ ಬರುತ್ತದೆ ಅಂತ ಮೂರು ಸಲ ಹೇಳಿದ್ದೀರಿ. ಆಂಕಿ ನಂಬಿ 17 ದಿನಕ್ಕೆ ಕಳಿಸಿದೆ. ಇನ್ನೊಂದು ತೊಂದರೆ ಕಣ್ಣಿಗೇ ಬೀಳುವುದಿಲ್ಲ. ಒಂದು ಕಾರ್ಡು 8 ಸಲ ಅಗೇನ್ ಕಂಡರೆ ಆಂಕಿ ಅದನ್ನು ಜಿಗಣೆ ಅಂತ ಗುರುತು ಹಾಕುತ್ತದೆ, ಈ ಕಾರ್ಡೇ ಸರಿಯಿಲ್ಲ ನೋಡು ಅಂತ. ನೀವು ಅಗೇನ್ ಒತ್ತಲೇ ಇಲ್ಲವಾದ್ದರಿಂದ ಆ ಲೆಕ್ಕ ಶುರುವೇ ಆಗಿಲ್ಲ. ಜಿಗಣೆ ಕಾಣದ ಹಾಗೆ ರಕ್ತ ಹೀರುತ್ತಿದೆ.

ಹಲ್ಮಿಡಿಯದು ಬೇರೆ ಕಥೆ. ಹೊಸ ಕಾರ್ಡು 250% ಈಸ್‌ನಿಂದ ಶುರುವಾಗುತ್ತದೆ. ಗುಡ್ ಒತ್ತಿದರೆ ಅಂತರ ಎರಡೂವರೆ ಪಟ್ಟು ಆಗುತ್ತದೆ ಅಂತ ಇದರ ಅರ್ಥ. ಒಂದು ಹಾರ್ಡ್ ಆ ಸಂಖ್ಯೆಯಿಂದ 15 ಕಳೆಯುತ್ತದೆ, ಒಂದು ಅಗೇನ್ 20 ಕಳೆಯುತ್ತದೆ. ಗುಡ್ ಒತ್ತಿದರೆ ಏನೂ ಬದಲಾಗುವುದಿಲ್ಲ. ಮೇಲೆ ಏರಿಸುವುದು ಈಸಿ ಒಂದೇ, 15. ಎಂಟು ಹಾರ್ಡ್ ಬಿದ್ದರೆ 250 ಹೋಗಿ 130. ಅದಕ್ಕಿಂತ ಕೆಳಗೆ ಇಳಿಯಲು ಬಿಡುವುದಿಲ್ಲ. ಅಷ್ಟು ಹೊತ್ತಿಗೆ ಕಾರ್ಡು ನಿಮಗೆ ಬಾಯಿಪಾಠ ಆಗಿದೆ, ದಿನಾ ಗುಡ್ ಒತ್ತುತ್ತೀರಿ, ಆದರೆ ಸಂಖ್ಯೆ 130ರಲ್ಲೇ ಕೂತಿದೆ.

ವ್ಯತ್ಯಾಸ ನೋಡಿ. ಎರಡು ಕಾರ್ಡಿಗೂ ಪ್ರತಿ ಸಲ ಗುಡ್ ಒತ್ತಿದರೆ ಅಂತರ ಹೆಚ್ಚುಕಡಿಮೆ ಹೀಗೆ ಬೆಳೆಯುತ್ತದೆ:

```
250%:  1, 3, 8, 20, 50
130%:  1, 2, 3, 4, 5, 7, 9, 12, 16, 21
```

ಯಾವ ಸಾಲು ಕೂಡಿಸಿದರೂ ಸುಮಾರು 80 ದಿನ. ಮೊದಲನೆಯದು ಅಷ್ಟರಲ್ಲಿ ಐದು ಸಲ ಬಂತು, ಎರಡನೆಯದು ಹತ್ತು ಸಲ. ನಿಮ್ಮ ಅರ್ಧ ಕಾರ್ಡು ಎರಡನೇ ಸಾಲಿನಲ್ಲಿದ್ದರೆ ದಿನದ 200 ಎಲ್ಲಿಂದ ಬಂತು ಅಂತ ಬೇರೆ ಹೇಳಬೇಕಿಲ್ಲ. ಇದಕ್ಕೆ ಇಂಗ್ಲಿಷಿನ ಗುಂಪುಗಳಲ್ಲಿ ಈಸ್ ಹೆಲ್ ಅಂತಲೇ ಹೆಸರಿದೆ.

ಎಷ್ಟು ಕಾರ್ಡು ಹೀಗೆ ಸಿಕ್ಕಿಕೊಂಡಿವೆ ಅಂತ ನೋಡಲು ಕಾರ್ಡ್ ಬ್ರೌಸರಿನಲ್ಲಿ ಹುಡುಕಿ:

```
prop:ease<1.5
```

ಕಳೆದ ವಾರ ಹಾರ್ಡ್ ಒತ್ತಿದವು ಬೇಕಾದರೆ:

```
rated:7:2
```

ಸುಮ್ನೆಕೇಳ್ದೆ
ಅಗೇನ್ ಒತ್ತಿದರೆ 20 ಕಳೆಯುತ್ತದೆ, ಹಾರ್ಡ್ 15. ಹಾಗಾದರೆ ಓದುಗರು ಹಾರ್ಡ್ ಒತ್ತಿ ಉಳಿಸಿದ್ದು ಐದೇ?

ಕಾರ್ಡ್‌ಪೆಟ್ಟಿಗೆ
ಹೌದು. ಅಗೇನ್ ಒತ್ತಿದರೆ ಎಲ್ಲಾ ದಂಡ ಅನ್ನುವುದೂ ಪೂರ್ತಿ ನಿಜ ಅಲ್ಲ. 250ರ ಕಾರ್ಡಿಗೆ ಒಂದು ಅಗೇನ್ ಬಿದ್ದರೆ ಈಸ್ 230, ಅಂತರ 1 ದಿನ. ಅಲ್ಲಿಂದ ಗುಡ್ ಒತ್ತುತ್ತಾ ಹೋದರೆ 2, 5, 12. ಮೂರು ಗುಡ್‌ಗೆ ಹಿಂದಿನ 10 ದಿನ ದಾಟಿತು. ಮರೆತ ಕಾರ್ಡು ಆ ಮೂರು ಸಲ ಕಣ್ಣಿಗೆ ಬೀಳುವುದೇ ನಮಗೆ ಬೇಕಾದದ್ದು.

ರೈನ್_ದಂಡೆ
ಜರ್ಮನಿಯಿಂದ ಬರೆಯುತ್ತಿದ್ದೇನೆ, ನರ್ಸಿಂಗ್ ಕೆಲಸ. ಭಾಷೆಯ ಪರೀಕ್ಷೆಗೆ ನಾನೂ ಆಂಕಿಯನ್ನೇ ಹಿಡಿದದ್ದು. ಶಾಲ್ಮಲಾ ಅಕ್ಕ ಹೇಳಿದ ಪೆಟ್ಟಿಗೆ ಇಲ್ಲಿ ಹುಟ್ಟಿದ್ದು. ಸೆಬಾಸ್ಟಿಯನ್ ಲೈಟ್ನರ್ ಅನ್ನುವವರು 1972ರಲ್ಲಿ ಬರೆದದ್ದು. ಅವರ ಪೆಟ್ಟಿಗೆಯಲ್ಲಿ ದಿನದ ಲೆಕ್ಕವೇ ಇರಲಿಲ್ಲ. ಹಿಂದಿನ ಖಾನೆಗಳು ಒಂದಕ್ಕಿಂತ ಒಂದು ದೊಡ್ಡವು, ಖಾನೆ ತುಂಬಿದಾಗ ತೆಗೆದು ಕೇಳಿಕೊಳ್ಳುವುದು.

ನನ್ನ ತೊಂದರೆ der, die, das. ಚಮಚಕ್ಕೆ ಒಂದು, ಫೋರ್ಕಿಗೆ ಒಂದು, ಚಾಕುವಿಗೆ ಇನ್ನೊಂದು. ಪದದ ಅರ್ಥ ನೆನಪಿರುತ್ತದೆ, ಲಿಂಗ ಮರೆತಿರುತ್ತದೆ. ಇದಕ್ಕೆ ಏನು ಒತ್ತಬೇಕು? ನಾನು ಹಾರ್ಡ್ ಒತ್ತುತ್ತೇನೆ.

ಕಾರ್ಡ್‌ಪೆಟ್ಟಿಗೆ
ಕಾರ್ಡಿನ ಹಿಂದೆ Löffel ಮಾತ್ರ ಇದ್ದರೆ ಗುಡ್. der Löffel ಅಂತ ಇದ್ದರೆ ಅಗೇನ್. ಕಾರ್ಡು ಏನು ಕೇಳಿತೋ ಅದು ಪೂರ್ತಿ ಬಂದರೆ ಮಾತ್ರ ಪಾಸ್. ಅರ್ಧ ಬರುತ್ತಿದೆ ಅಂದರೆ ಒಂದು ಕಾರ್ಡಿನಲ್ಲಿ ಎರಡು ಪ್ರಶ್ನೆ ಇದೆ, ಬೇರೆ ಮಾಡಿ. ಅರ್ಥಕ್ಕೊಂದು, ಲಿಂಗಕ್ಕೊಂದು.

ರೈನ್_ದಂಡೆ
ಹಾಗೆ ಬೇರೆ ಮಾಡಿದರೆ ಕಾರ್ಡು ಎರಡು ಪಟ್ಟು ಆಗುತ್ತದೆ ಸರ್. ನೈಟ್ ಡ್ಯೂಟಿ ಮುಗಿಸಿ ಬಂದವಳಿಗೆ ಅಷ್ಟು ಕೂರಲು ಆಗುವುದಿಲ್ಲ. ಮಾತಾಡುವಾಗ ಲಿಂಗ ತಪ್ಪಿದರೂ ರೋಗಿಗೆ ಅರ್ಥ ಆಗುತ್ತದೆ. ನಾನಂತೂ ಒಂದೇ ಕಾರ್ಡು ಇಟ್ಟುಕೊಳ್ಳುತ್ತೇನೆ.

ಎಂಬಿಬಿಎಸ್_ಮೂರನೇವರ್ಷ
ಇಷ್ಟೆಲ್ಲ ಈಸ್ ಲೆಕ್ಕ ಹಳೆಯ ಕಾಲದ್ದು. ಪೋಲೆಂಡಿನ ವೋಜ್ನಿಯಾಕ್ 1987ರಲ್ಲಿ ಮಾಡಿದ ಎಸ್‌ಎಂ-2 ಸೂತ್ರವನ್ನು ಅಲ್ಲಲ್ಲಿ ತಿದ್ದಿ ಆಂಕಿ ಬಳಸಿಕೊಂಡಿದೆ ಅಷ್ಟೇ. 2023ರ ಆವೃತ್ತಿ 23.10ರಿಂದ ಹೊಸ ಸೂತ್ರ ಎಫ್‌ಎಸ್‌ಆರ್‌ಎಸ್ ಬಂದಿದೆ. ಡೆಕ್ ಆಪ್ಷನ್ಸ್‌ನಲ್ಲಿ ಅದನ್ನು ಆನ್ ಮಾಡಿ, ಆಪ್ಟಿಮೈಜ್ ಒತ್ತಿ, ಮುಗಿಯಿತು. ಈಸ್ ಅನ್ನುವುದೇ ಇರುವುದಿಲ್ಲ. ನಿಮ್ಮದೇ ಹಳೆಯ ಉತ್ತರಗಳನ್ನು ನೋಡಿ ಪ್ರತಿ ಕಾರ್ಡು ಇಂದು ನೆನಪಿರುವ ಸಾಧ್ಯತೆ ಎಷ್ಟು ಅಂತ ಅಂದಾಜು ಮಾಡುತ್ತದೆ. ಅದು 90%ಗೆ ಇಳಿಯುವ ದಿನ ಕಾರ್ಡು ತೋರಿಸುತ್ತದೆ. ಕಷ್ಟದ ಕಾರ್ಡು ಅಂತ ಒಮ್ಮೆ ಹೆಸರು ಬಿದ್ದರೂ ಗುಡ್ ಒತ್ತುತ್ತಾ ಹೋದರೆ ನಿಧಾನಕ್ಕೆ ಸರಿಯಾಗುತ್ತದೆ. 130ರಲ್ಲಿ ಕೂತುಬಿಡುವ ಸಮಸ್ಯೆ ಅಲ್ಲಿಲ್ಲ. ನಮ್ಮ ಹಾಸ್ಟೆಲಿನಲ್ಲಿ ಎಲ್ಲರೂ ಅದಕ್ಕೇ ಬದಲಾದರು. ಫಾರ್ಮಕಾಲಜಿ ಕಾರ್ಡುಗಳು ಅರ್ಧಕ್ಕೆ ಇಳಿದವು.

ಕಾರ್ಡ್‌ಪೆಟ್ಟಿಗೆ
ಬದಲಾಗುವುದು ಒಳ್ಳೆಯದೇ, ನಾನೂ ಅದರಲ್ಲೇ ಇದ್ದೇನೆ. ಆದರೆ ಓದುಗರ ವಿಷಯದಲ್ಲಿ ಆಪ್ಟಿಮೈಜ್ ಒತ್ತಿ ಮುಗಿಯಿತು ಅನ್ನಲು ಆಗುವುದಿಲ್ಲ. ಅದು ಕಲಿಯುವುದು ಹಳೆಯ ಉತ್ತರಗಳಿಂದ ಅಂತ ನೀವೇ ಹೇಳಿದಿರಿ. ಅಲ್ಲಿ ಮರೆತದ್ದಕ್ಕೆಲ್ಲ ಹಾರ್ಡ್ ಅಂತ ಬರೆದಿದೆ, ಹಾರ್ಡ್ ಅಂದರೆ ಪಾಸ್. ಈ ಮನುಷ್ಯ ಏನನ್ನೂ ಮರೆಯುವುದೇ ಇಲ್ಲ ಅಂತ ತಿಳಿದುಕೊಂಡು ಎಲ್ಲದರ ಅಂತರವನ್ನೂ ಬೇಕಾಬಿಟ್ಟಿ ಉದ್ದ ಮಾಡಿಬಿಡಬಹುದು. ಹಾರ್ಡ್ ತಪ್ಪಾಗಿ ಒತ್ತುವವರಿಗೆ ಎಫ್‌ಎಸ್‌ಆರ್‌ಎಸ್ ಹಳೆಯ ಸೂತ್ರಕ್ಕಿಂತ ಹೆಚ್ಚು ಮೋಸ ಮಾಡುತ್ತದೆ.

ಹಾಗಾಗಿ ಆನ್ ಮಾಡಿ, ಆದರೆ ಸದ್ಯಕ್ಕೆ ಆಪ್ಟಿಮೈಜ್ ಒತ್ತಬೇಡಿ. ಮೊದಲೇ ಬರುವ ಸಂಖ್ಯೆಗಳಲ್ಲೇ ಬಿಡಿ. ಇವತ್ತಿನಿಂದ ಮರೆತದ್ದಕ್ಕೆ ಅಗೇನ್, ನೆನಪಾದದ್ದಕ್ಕೆ ಗುಡ್, ಎರಡೇ ಬಟನ್. ಒಂದಷ್ಟು ಸರಿಯಾದ ದಾಖಲೆ ಸೇರಿದ ಮೇಲೆ ಆಪ್ಟಿಮೈಜ್ ಮಾಡಬಹುದು. ಇಂಥ ದಿನಕ್ಕಿಂತ ಹಿಂದಿನದನ್ನು ಲೆಕ್ಕಕ್ಕೆ ತಗೋಬೇಡ ಅಂತ ಹೇಳುವ ಜಾಗವೂ ಅಲ್ಲೇ ಇದೆ.

ಎಂಬಿಬಿಎಸ್_ಮೂರನೇವರ್ಷ
ಅದು ಹೌದು, ಹಾರ್ಡ್ ವಿಷಯ ನಾನು ಯೋಚಿಸಿರಲಿಲ್ಲ. ನಾವು ಯಾರೂ ಆ ಬಟನ್ ಮುಟ್ಟುವುದೇ ಇಲ್ಲ. ಓದುಗರೇ, 90% ಸಾಲದು ಅಂತ 97% ಮಾಡಲು ಹೋಗಬೇಡಿ. ನಮ್ಮ ರೂಮ್‌ಮೇಟ್ ಹಾಗೆ ಮಾಡಿ ಮರುದಿನ ಕಾರ್ಡುಗಳ ರಾಶಿ ನೋಡಿ ಆ್ಯಪನ್ನೇ ತೆಗೆದುಹಾಕಿದ. 95 ದಾಟಿದರೆ ಕೆಲಸ ಸಿಕ್ಕಾಪಟ್ಟೆ ಏರುತ್ತದೆ.

ಎರಡನೇ_ಪ್ರಯತ್ನ
ನನ್ನ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. ಪರೀಕ್ಷೆ ಮೂರು ತಿಂಗಳಲ್ಲಿ. ಕಾರ್ಡು ನಾಲ್ಕು ತಿಂಗಳಿಗೆ. ಹೇಳಿ.

ಕಾರ್ಡ್‌ಪೆಟ್ಟಿಗೆ
ಗರಿಷ್ಠ ಅಂತರ ಅಂತ ಒಂದು ಸೆಟ್ಟಿಂಗ್ ಇದೆ. ಅಲ್ಲಿ 45 ಅಂತ ಹಾಕಿದರೆ ಯಾವ ಕಾರ್ಡೂ ಒಂದೂವರೆ ತಿಂಗಳಿಗಿಂತ ಆಚೆ ಹೋಗುವುದಿಲ್ಲ. ಆದರೆ ನಾನು ಹಾಕುವುದಿಲ್ಲ. ನಾಲ್ಕು ತಿಂಗಳಿಗೆ ಹೋದ ಕಾರ್ಡು ಪರೀಕ್ಷೆಯ ದಿನ ನೆನಪಿರುವ ಸಾಧ್ಯತೆ 90ಕ್ಕಿಂತ ಜಾಸ್ತಿಯೇ ಇರುತ್ತದೆ. ಅದನ್ನು ನಡುವೆ ಒಮ್ಮೆ ನೋಡುವ ಸಮಯದಲ್ಲಿ ಬಾರದ ಕಾರ್ಡು ನೋಡಬಹುದು.

ಎರಡನೇ_ಪ್ರಯತ್ನ
ನೂರರಲ್ಲಿ ಹತ್ತು ಹೋಗುತ್ತದೆ ಅಂತ ನೀವೇ ಒಪ್ಪಿಕೊಂಡಂತಾಯಿತು. ನೆಗೆಟಿವ್ ಮಾರ್ಕಿಂಗ್ ಇರುವ ಪರೀಕ್ಷೆಯಲ್ಲಿ ಆ ಹತ್ತೇ ಕಟ್ ಆಫ್. ಕೊನೆಯ ಹದಿನೈದು ದಿನ ಎಲ್ಲಾ ಒಮ್ಮೆ ತಿರುಗಿಸಿ ಹಾಕದೆ ನನಗೆ ಧೈರ್ಯ ಬರುವುದಿಲ್ಲ.

ಎಂಬಿಬಿಎಸ್_ಮೂರನೇವರ್ಷ
ಅದಕ್ಕೆ ಫಿಲ್ಟರ್ಡ್ ಡೆಕ್ ಇದೆ ಅಣ್ಣ, ಉತ್ತರದಿಂದ ಅಂತರ ಬದಲಾಗದ ಹಾಗೆ ಇಟ್ಟು ಎಲ್ಲಾ ತಿರುವಬಹುದು. ನಾವು ಇಂಟರ್ನಲ್ಸ್‌ಗೆ ಹಾಗೇ ಮಾಡುವುದು.

ಬಯಲುಸೀಮೆ_ಓದುಗ
ಹುಡುಕಿದೆ. 1.5ಕ್ಕಿಂತ ಕಡಿಮೆ ಇರುವವು ಅರ್ಧಕ್ಕಿಂತ ಹೆಚ್ಚೇ ಇವೆ. ದಿನದ ಮಿತಿ 9999 ಮಾಡಿ ನೋಡಿದೆ, ನಿಜವಾದ ಬಾಕಿ ಕಂಡು ಮೊಬೈಲು ಕೆಳಗಿಟ್ಟೆ.

ಸೋಮೇಶ್ವರನಿಗೆ ಅಗೇನ್ ಒತ್ತುತ್ತೇನೆ ಸರಿ. ಆದರೆ ದಿನಾ ಬಂದರೂ ನೆನಪಾಗುತ್ತದೆ ಅನ್ನುವ ನಂಬಿಕೆ ನನಗಿಲ್ಲ. ಕಾರ್ಡು ಇರುವುದು ಹೀಗೆ, ಮುಂದೆ "ಒಂದನೇ, ಎರಡನೇ, ಮೂರನೇ ಸೋಮೇಶ್ವರ", ಹಿಂದೆ ಮೂವರ ಬಗ್ಗೆ ಆರೇಳು ಸಾಲು.

ಶಾಲ್ಮಲಾ
ಈ ಪ್ರಶ್ನೆ ನನಗೆ ಅರ್ಥವಾಯಿತು. ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುವವಳು. ಇದು ಎಷ್ಟು ಸಲ ತೋರಿಸಿದರೂ ಬರುವುದಿಲ್ಲ. ಮೂವರ ಹೆಸರು ಒಂದೇ, ಒಬ್ಬನ ವಿಷಯ ಇನ್ನೊಬ್ಬನಿಗೆ ಅಂಟುತ್ತದೆ. ಹೆಸರು ಮುಂದಿಟ್ಟು ವಿಷಯ ಕೇಳಬೇಡಿ. ವಿಷಯ ಮುಂದಿಟ್ಟು ಹೆಸರು ಕೇಳಿ.

ಕುರುವತ್ತಿಯ ಹತ್ತಿರ ತುಂಗಭದ್ರೆಯಲ್ಲಿ ಜಲಸಮಾಧಿಯಾದ ದೊರೆ, 1068? ಒಂದನೆಯವನು.
1076ರಲ್ಲಿ ತಮ್ಮ ಆರನೇ ವಿಕ್ರಮಾದಿತ್ಯ ಪಟ್ಟದಿಂದ ಇಳಿಸಿದ ಅಣ್ಣ? ಎರಡನೆಯವನು.
ಆರನೇ ವಿಕ್ರಮಾದಿತ್ಯನ ಮಗ, ಮಾನಸೋಲ್ಲಾಸದ ಕರ್ತೃ? ಮೂರನೆಯವನು.

ಮೂರನ್ನೂ ಒಂದೇ ದಿನ ಹಾಕಬೇಡಿ. ಒಂದನೆಯವನು ಗಟ್ಟಿಯಾದ ಮೇಲೆ ಎರಡನೆಯವನು. ಏಳೆಂಟ್ಲಿ ಐವತ್ತಾರು, ಆರೊಂಬತ್ಲಿ ಐವತ್ನಾಲ್ಕು, ಇವೆರಡನ್ನೂ ಮಗಳಿಗೆ ಒಟ್ಟಿಗೆ ಕೊಟ್ಟಾಗ ದಿನಾ ಮೊದಲನೇ ಖಾನೆಗೇ ಬೀಳುತ್ತಿದ್ದವು. ಒಂದನ್ನು ಎತ್ತಿಟ್ಟೆ, ಇನ್ನೊಂದು ಮುಂದೆ ಹೋಯಿತು.

ಕಾರ್ಡ್‌ಪೆಟ್ಟಿಗೆ
ಮೇಡಂ ಹೇಳಿದ್ದಕ್ಕೆ ನನ್ನದೇನೂ ಸೇರಿಸುವುದಿಲ್ಲ. ಹಳೆಯ ಸೋಮೇಶ್ವರ ಕಾರ್ಡು ಅಳಿಸಿಬಿಡಿ.

ಬಾಕಿಗೆ: ರಾಶಿ ಕರಗುವವರೆಗೆ ಹೊಸ ಕಾರ್ಡು ಸೊನ್ನೆ. ಮಿತಿ 9999 ಬೇಡ, ದಿನಕ್ಕೆ ನಿಮ್ಮಿಂದ ಆಗುವಷ್ಟು ಇಡಿ. ಆದರೆ ಯಾವ ಕಾರ್ಡು ಮೊದಲು ಅನ್ನುವುದನ್ನು ಬದಲಾಯಿಸಿ. ಈಗ ದಿನಾಂಕದ ಪ್ರಕಾರ ಬರುತ್ತಿವೆ. 2 ದಿನದ ಕಾರ್ಡು ನಾಲ್ಕು ದಿನ ತಡವಾದರೆ ಮರೆತುಹೋಗುವ ಅಪಾಯ ಹೆಚ್ಚು, 60 ದಿನದ್ದು ನಾಲ್ಕು ದಿನ ತಡವಾದರೆ ಏನೂ ಆಗುವುದಿಲ್ಲ. ಡಿಸ್‌ಪ್ಲೇ ಆರ್ಡರಿನಲ್ಲಿ ಅಂತರಕ್ಕೆ ಹೋಲಿಸಿ ಎಷ್ಟು ತಡ ಅಂತ ನೋಡುವ ಆಯ್ಕೆ ಇದೆ, ಅದನ್ನು ಹಾಕಿ. ಜಾಸ್ತಿ ಕೆಟ್ಟದ್ದು ಮೊದಲು ಬರುತ್ತದೆ.

ಎಂಬಿಬಿಎಸ್_ಮೂರನೇವರ್ಷ
ಇಲ್ಲಿ ನಾನು ಒಪ್ಪುವುದಿಲ್ಲ. ಮರೆತದ್ದು ಹೇಗೂ ಮರೆತಾಗಿದೆ, ಇವತ್ತು ನೋಡಿದರೂ ನಾಳೆ ನೋಡಿದರೂ ಅಗೇನ್ ಒತ್ತುವುದೇ. ಇನ್ನೂ ನೆನಪಿರುವುದನ್ನು ಮೊದಲು ನೋಡಿದರೆ ಅದಾದರೂ ಉಳಿಯುತ್ತದೆ. ಬಾಕಿ ಇದ್ದಾಗ ನೆನಪಿರುವ ಸಾಧ್ಯತೆ ಹೆಚ್ಚಿರುವುದರಿಂದ ಕಡಿಮೆಯ ಕಡೆಗೆ ಹೋಗಬೇಕು. ಎಫ್‌ಎಸ್‌ಆರ್‌ಎಸ್‌ನಲ್ಲಿ ಆ ಆಯ್ಕೆಯೂ ಇದೆ.

ಕಾರ್ಡ್‌ಪೆಟ್ಟಿಗೆ
ವರ್ಷಗಟ್ಟಲೆ ಓದುವವರಿಗೆ ನಿಮ್ಮ ಮಾತು ಸರಿ ಇರಬಹುದು. ಪರೀಕ್ಷೆ ಹತ್ತಿರ ಇರುವವರು ಬಾರದ ಕಾರ್ಡನ್ನು ಸಾಲಿನ ಕೊನೆಗೆ ತಳ್ಳಿದರೆ ಅದು ಪರೀಕ್ಷೆಯವರೆಗೂ ಮುಖ ತೋರಿಸದೆ ಇರಬಹುದು, ಅಲ್ವಾ?

ಎಂಬಿಬಿಎಸ್_ಮೂರನೇವರ್ಷ
ನಿಮ್ಮ ಕ್ರಮದಲ್ಲಿ ಹಲ್ಮಿಡಿಯಂಥ 130%ರ ಕಾರ್ಡುಗಳೇ ಮೊದಲು ನುಗ್ಗುತ್ತವೆ ನೋಡಿ. ಅವುಗಳ ಅಂತರ ಸಣ್ಣದು, ಹಾಗಾಗಿ ಒಂದು ದಿನ ತಡವಾದರೂ ಭಾರಿ ತಡ ಅಂತ ಲೆಕ್ಕ.

ಕಾರ್ಡ್‌ಪೆಟ್ಟಿಗೆ
ಅದು ನಿಜ. ಓದುಗರೇ, ಮೊದಲು ಎಫ್‌ಎಸ್‌ಆರ್‌ಎಸ್ ಆನ್ ಮಾಡಿ, ಅಂತರಗಳು ಅದರ ಲೆಕ್ಕಕ್ಕೆ ಬರಲಿ, ಕ್ರಮ ಆಮೇಲೆ ಬದಲಾಯಿಸಿ.

ಸುಮ್ನೆಕೇಳ್ದೆ
ಐಫೋನಿನಲ್ಲಿ ಆಂಕಿ ದುಡ್ಡು ಕೇಳುತ್ತಿದೆ, ಆಂಡ್ರಾಯ್ಡಿಗೆ ಪುಕ್ಕಟೆ. ಯಾಕೆ ಹೀಗೆ? ಒತ್ತಕ್ಷರ ಸರಿ ಕಾಣುತ್ತದಾ ಅದರಲ್ಲಿ?

ರೈನ್_ದಂಡೆ
ಎರಡೂ ಬೇರೆ ಬೇರೆಯವರು ಮಾಡಿದ್ದು. ಒತ್ತಕ್ಷರ ಸರಿಯಾಗೇ ಬರುತ್ತದೆ. ದುಡ್ಡು ಬೇಡ ಅಂದರೆ ಬ್ರೌಸರಿನಲ್ಲಿ ಆಂಕಿವೆಬ್ ತೆರೆದು ಓದಬಹುದು.

ಬಯಲುಸೀಮೆ_ಓದುಗ
ಎಫ್‌ಎಸ್‌ಆರ್‌ಎಸ್ ಆನ್ ಮಾಡಿದೆ, ಆಪ್ಟಿಮೈಜ್ ಮುಟ್ಟಿಲ್ಲ. ಹಲ್ಮಿಡಿಗೆ ಗುಡ್ ಒತ್ತುವ ಮೊದಲು ಬಟನ್ ಮೇಲೆ ತೋರಿಸಿದ ಅಂತರ 4 ದಿನಕ್ಕಿಂತ ಎಷ್ಟೋ ಜಾಸ್ತಿ ಇತ್ತು. ಶಾಲ್ಮಲಾ ಮೇಡಂ, ಕೃಷ್ಣ ಒಂದು, ಎರಡು, ಮೂರು ಅಂತ ರಾಷ್ಟ್ರಕೂಟರದೂ ಇದೇ ಗೋಳಿದೆ. ಅದಕ್ಕೂ ಒಂದೊಂದು ಸಾಲು ಕೊಡಿ.

ಶಾಲ್ಮಲಾ
ಎಲ್ಲೋರದ ಕೈಲಾಸ ಒಂದನೆಯವನು. ತಕ್ಕೋಲ, 949, ಮೂರನೆಯವನು. ಎರಡನೆಯವನು ಒಂದನೇ ಅಮೋಘವರ್ಷನ ಮಗ. ಎರಡನೆಯವನ ಕಾರ್ಡು ಕೊನೆಗೆ ಹಾಕಿ.